ದಾನದ ಲೆಕ್ಕದಿಂದ ದೊರೆಯ ಹೊಗಳಿಕೆಗೆ: ಕನ್ನಡ ಆಸ್ಥಾನದ ಭಾಷೆಯಾದದ್ದು ಹೇಗೆ?

ಕನ್ನಡದ ಹಳಮೆಯ ಮಾತು ಬಂದಾಗಲೆಲ್ಲ ಹಲ್ಮಿಡಿ ಶಾಸನದ ಹೆಸರು ಬರುತ್ತದೆ. ಆದರೆ ಅದೇ ಕಾಲದ, ಅದೇ ಕದಂಬರ ಇನ್ನೊಂದು ಕಲ್ಲನ್ನು ಅದರ ಪಕ್ಕದಲ್ಲಿಟ್ಟು ನೋಡುವವರು ಕಡಿಮೆ. ಅದು ಶಿವಮೊಗ್ಗ ಜಿಲ್ಲೆಯ ತಾಳಗುಂದದ ಪ್ರಣವೇಶ್ವರ ದೇವಾಲಯದ ಎದುರಿಗಿರುವ ಕಂಬ. ಎರಡೂ ಕಲ್ಲುಗಳಲ್ಲಿ ಕಾಕುತ್ಸ್ಥವರ್ಮನ ಹೆಸರಿದೆ. ಎರಡನ್ನೂ ವಿದ್ವಾಂಸರು ಸುಮಾರು ಕ್ರಿ.ಶ. 450ರ ಆಸುಪಾಸಿಗೆ ಸೇರಿಸುತ್ತಾರೆ. ಭಾಷೆ ಮಾತ್ರ ಬೇರೆ ಬೇರೆ.

ತಾಳಗುಂದದ ಕಂಬದ ಮೇಲಿರುವುದು ಸಂಸ್ಕೃತ ಕಾವ್ಯ. ಬರೆದವನು ಕುಬ್ಜ ಎಂಬ ಕವಿ. ಓದಲೆಂದು ಕಂಚಿಗೆ ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಕಥೆ, ಆತನ ವಂಶ ಬೆಳೆದ ಬಗೆ, ದೊರೆಗಳ ಗುಣಗಾನ ಎಲ್ಲವೂ ಅಲ್ಲಿ ಛಂದಸ್ಸಿನಲ್ಲಿದೆ.

ಹಲ್ಮಿಡಿಯ ಕಲ್ಲು ಹೇಳುವ ವಿಷಯ ಇಷ್ಟು ದೊಡ್ಡದಲ್ಲ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಈ ಹಳ್ಳಿಯಲ್ಲಿ 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಶಾಸನದಲ್ಲಿರುವುದು 16 ಸಾಲು. ಮೊದಲಿಗೆ ವಿಷ್ಣುವಿನ ಸ್ತುತಿ, ಅದು ಸಂಸ್ಕೃತ ಶ್ಲೋಕ. ಆಮೇಲೆ ಕನ್ನಡ ಗದ್ಯ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸ ಎಂಬವನಿಗೆ ಪಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಎರಡು ಊರುಗಳನ್ನು ‘ಬಾಳ್ಗಳ್ಚು’ ಆಗಿ ಕೊಟ್ಟದ್ದು ಅದರ ಮುಖ್ಯ ಸಂಗತಿ. ಬಾಳ್ಗಳ್ಚು ಎಂದರೆ ಕತ್ತಿ ತೊಳೆಯುವುದು. ಕಾದಿ ಗೆದ್ದ ವೀರನಿಗೆ ಕೊಡುವ ದತ್ತಿಗೆ ಅದೇ ಹೆಸರು.

ಈ ಎರಡು ಕಲ್ಲುಗಳನ್ನು ಒಟ್ಟಿಗೆ ಓದಿದರೆ ಭಾಷೆಗಳ ಕೆಲಸದ ಹಂಚಿಕೆ ಕಾಣುತ್ತದೆ. ದೇವರಿಗೂ ದೊರೆಯ ಕೀರ್ತಿಗೂ ಸಂಸ್ಕೃತ. ಯಾರಿಗೆ ಯಾವ ಊರು ಕೊಟ್ಟರು, ಏಕೆ ಕೊಟ್ಟರು ಎಂಬ ವ್ಯವಹಾರಕ್ಕೆ ಕನ್ನಡ. ಇದಕ್ಕೆ ಕಾರಣವೂ ಸರಳ: ದತ್ತಿಯ ವಿವರ ಊರಿನವರಿಗೆ ಅರ್ಥವಾಗದಿದ್ದರೆ ನಾಳೆ ತಕರಾರು ಬಂದಾಗ ಆ ಕಲ್ಲಿನಿಂದ ಪ್ರಯೋಜನವಿಲ್ಲ.

ಹಾಗೆಂದು ಹಲ್ಮಿಡಿಯ ಕನ್ನಡ ಬೀದಿಯ ಮಾತಲ್ಲ. ಉದ್ದುದ್ದ ಸಂಸ್ಕೃತ ಸಮಾಸಗಳಿಗೆ ಕನ್ನಡದ ಪ್ರತ್ಯಯ ಹಚ್ಚಿದ ಬಿಗಿಯಾದ ಕಚೇರಿ ಭಾಷೆ ಅದು. ಬರವಣಿಗೆಯ ರೂಢಿ ಆಗಲೇ ಇತ್ತು ಎನ್ನಲು ಇದೇ ಆಧಾರ. ಬರವಣಿಗೆ ಇದ್ದ ಮಾತ್ರಕ್ಕೆ ಆಸ್ಥಾನದಲ್ಲಿ ಕಾವ್ಯವಿತ್ತು ಎಂದು ಹೇಳಲಾಗದು. ಈ ಎರಡನ್ನು ಬೆರೆಸುವುದೇ ಜನಪ್ರಿಯ ಬರಹಗಳಲ್ಲಿ ಆಗುವ ತಪ್ಪು.

ಬಾದಾಮಿಯ ಬಂಡೆಯ ಮೇಲೆ

ಹಂಚಿಕೆ ಮುಂದೆಯೂ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಕ್ರಿ.ಶ. 634ರಲ್ಲಿ ಐಹೊಳೆಯಲ್ಲಿ ರವಿಕೀರ್ತಿ ಇಮ್ಮಡಿ ಪುಲಿಕೇಶಿಯನ್ನು ಹೊಗಳಿ ಬರೆದದ್ದು ಸಂಸ್ಕೃತದಲ್ಲೇ. ತಾನು ಕಾಳಿದಾಸ, ಭಾರವಿಗಳಿಗೆ ಸಮ ಎಂದು ಅವನು ಹೇಳಿಕೊಂಡಿದ್ದಾನೆ. ಆದರೆ ಸುಮಾರು ಕ್ರಿ.ಶ. 700ರ ಹೊತ್ತಿಗೆ ಅದೇ ಚಾಲುಕ್ಯರ ರಾಜಧಾನಿ ಬಾದಾಮಿಯಲ್ಲಿ, ಕೆರೆಯ ಬದಿಯ ಬಂಡೆಯೊಂದರ ಮೇಲೆ ಬೇರೆಯದೇ ಬಗೆಯ ಬರಹ ಕಾಣಿಸಿಕೊಂಡಿತು. ಅದು ಕಪ್ಪೆ ಅರಭಟ್ಟನ ಶಾಸನ.

ಅದರಲ್ಲಿ ಮೂರು ತ್ರಿಪದಿಗಳಿವೆ. ತ್ರಿಪದಿ ಸಂಸ್ಕೃತದಿಂದ ಬಂದ ಛಂದಸ್ಸಲ್ಲ. ಬೀಸುವ ಕಲ್ಲಿನ ಹಾಡಿನಲ್ಲಿ, ಮುಂದೆ ಸರ್ವಜ್ಞನಲ್ಲಿ ನಾವು ಕೇಳುವ ದೇಸಿ ಮಟ್ಟು. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕೆಂಬ ಪ್ರಾಸವೂ ಅಲ್ಲಿದೆ. ಸಾಲು ಒಡೆಯದೆ ಕೆತ್ತಿದ ಕಲ್ಲಿನಲ್ಲಿ ಪದ್ಯ ಅಡಗಿದೆಯೇ ಎಂದು ಪತ್ತೆ ಮಾಡುವವರಿಗೆ ಈ ಪ್ರಾಸ ಒಳ್ಳೆಯ ಸುಳಿವು. ನುರಿತ ಕೈಯ ಕೆಲಸವೆಂಬುದೂ ಅದರಿಂದಲೇ ಗೊತ್ತಾಗುತ್ತದೆ.

ಆದರೆ ಹೊಗಳಿಸಿಕೊಂಡವನು ದೊರೆಯಲ್ಲ. ಒಳ್ಳೆಯವರಿಗೆ ಒಳ್ಳೆಯವನು, ಕೆಣಕಿದವರಿಗೆ ಕೆಟ್ಟವನು ಎನಿಸಿಕೊಂಡ ಒಬ್ಬ ಸ್ಥಳೀಯ ವೀರ. ಸರಿಸುಮಾರು ಇದೇ ಕಾಲಕ್ಕೆ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ, ಸಲ್ಲೇಖನದಿಂದ ದೇಹ ಬಿಟ್ಟ ಜೈನ ಮುನಿಗಳ ನೆನಪಿಗೆ ಕೆತ್ತಿದ ಕನ್ನಡ ಪದ್ಯಗಳೂ ಇವೆ. ಅಂದರೆ ಕನ್ನಡ ಕವಿತೆ ಕಲ್ಲಿಗೆ ಬಂದದ್ದು ಅರಮನೆಯ ಬಾಗಿಲಿಂದಲ್ಲ, ವೀರರ ಮತ್ತು ವಿರಕ್ತರ ಕಡೆಯಿಂದ.

ನಿಯಮ ಬರೆದ ಆಸ್ಥಾನ

ಅರಮನೆ ಕನ್ನಡವನ್ನು ಕೈಗೆತ್ತಿಕೊಂಡದ್ದರ ಖಚಿತ ಸಾಕ್ಷಿ ಸಿಗುವುದು ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದ ‘ಕವಿರಾಜಮಾರ್ಗ’ದಲ್ಲಿ. ಇದರ ಕರ್ತೃ ಶ್ರೀವಿಜಯ ಎಂಬುದು ಇಂದು ಹೆಚ್ಚಿನವರ ಅಭಿಪ್ರಾಯ. ನಮಗೆ ಉಳಿದಿರುವ ಮೊದಲ ಕನ್ನಡ ಗ್ರಂಥ ಕಥೆಯಲ್ಲ, ಕಾವ್ಯ ಬರೆಯುವುದು ಹೇಗೆಂದು ಹೇಳುವ ಪುಸ್ತಕ! ಇದಕ್ಕೆ ಮುಂಚೆ ಬರೆದವರ ಹೆಸರುಗಳನ್ನೂ ಚತ್ತಾಣ, ಬೆದಂಡೆ ಎಂಬ ಕಾವ್ಯ ಬಗೆಗಳನ್ನೂ ಅದು ಹೇಳುತ್ತದೆ. ಆ ಕೃತಿಗಳೊಂದೂ ಸಿಕ್ಕಿಲ್ಲ. ಕಲ್ಲು ಉಳಿಯಿತು, ಓಲೆ ಉಳಿಯಲಿಲ್ಲ.

ಪುಸ್ತಕದ ಬೆನ್ನೆಲುಬು ದಂಡಿಯ ಸಂಸ್ಕೃತ ‘ಕಾವ್ಯಾದರ್ಶ’. ಆದರೆ ಗ್ರಂಥಕಾರನನ್ನು ಕಾಡಿದ ಪ್ರಶ್ನೆಗಳು ಕನ್ನಡದವು. ಕಾವೇರಿಯಿಂದ ಗೋದಾವರಿಯವರೆಗೆ ಹರಡಿದ ನಾಡಿನಲ್ಲಿ ಊರಿಗೊಂದು ಮಾತಿರುವಾಗ ಯಾವುದನ್ನು ಬರೆಯಬೇಕು? ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ಸೀಮೆಯ ಕನ್ನಡವೇ ತಿರುಳು ಎನ್ನುತ್ತಾನೆ. ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದಗಳ ನಡುವಿನ ನೆಲವದು.

ಎರಡನೆಯ ಪ್ರಶ್ನೆ ಸಂಸ್ಕೃತವನ್ನು ಎಷ್ಟು ಬೆರೆಸಬೇಕೆಂಬುದು. ಸಂಸ್ಕೃತ ಪದ ಬೇಡವೆಂದು ಅವನು ಹೇಳುವುದಿಲ್ಲ. ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಗಂಟು ಹಾಕಿ ಸಮಾಸ ಮಾಡುವುದು ಮಾತ್ರ ಅವನಿಗೆ ಸೇರದು. ಕಾಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದಂತೆ ಎನ್ನುತ್ತಾನೆ. ನಾವು ಸಲೀಸಾಗಿ ಬರೆಯುವ ‘ದಿನಬಳಕೆ’ಯೂ ಆ ಲೆಕ್ಕಕ್ಕೆ ಕೆಟ್ಟ ಹಾಲೇ. ಆದರೂ ಗಮನಿಸಬೇಕಾದದ್ದಿದೆ: ಇಂಥ ತಕರಾರು ಹುಟ್ಟುವುದು ಭಾಷೆಯಲ್ಲಿ ಸರಿ-ತಪ್ಪನ್ನು ಅಳೆಯುವ ಓದುಗರು ಸೇರಿದ ಮೇಲೆಯೇ.

ದೊರೆಯೇ ಅರ್ಜುನನಾದಾಗ

ಸುಮಾರು ತೊಂಬತ್ತು ವರ್ಷಗಳ ನಂತರ, ಕ್ರಿ.ಶ. 941ರ ಹೊತ್ತಿಗೆ, ಪಂಪ ಬರೆಯುತ್ತಿದ್ದ. ಅವನ ಆಶ್ರಯದಾತ ಅರಿಕೇಸರಿ ರಾಷ್ಟ್ರಕೂಟರ ಸಾಮಂತ. ರಾಜಧಾನಿ ವೇಮುಲವಾಡ ಇಂದಿನ ತೆಲಂಗಾಣದಲ್ಲಿದೆ. ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಂಪ ಮಹಾಭಾರತದ ಅರ್ಜುನನನ್ನೂ ಅರಿಕೇಸರಿಯನ್ನೂ ಒಂದೇ ಮಾಡಿದ. ಒಂದು ಕಾಲಕ್ಕೆ ತಾಳಗುಂದದಲ್ಲಿ ಸಂಸ್ಕೃತಕ್ಕೆ ಮೀಸಲಾಗಿದ್ದ ಕೆಲಸ, ಅಂದರೆ ವಂಶ, ಪರಾಕ್ರಮ, ಕೀರ್ತಿಯನ್ನು ಕಾವ್ಯವಾಗಿಸುವುದು, ಈಗ ಪೂರ್ತಿಯಾಗಿ ಕನ್ನಡದ ಕೈಗೆ ಬಂದಿತ್ತು. ಕವಿಗೆ ಸಂದ ಸಂಭಾವನೆ ಧರ್ಮಪುರವೆಂಬ ಅಗ್ರಹಾರ. ಹಲ್ಮಿಡಿಯಲ್ಲಿ ಕತ್ತಿಗೆ ಊರು ಸಿಕ್ಕಿತ್ತು, ಇಲ್ಲಿ ಲೇಖನಿಗೆ.

ಕಲ್ಲಿನಲ್ಲೂ ಬದಲಾವಣೆ ಕಾಣುತ್ತದೆ. ರಾಷ್ಟ್ರಕೂಟ ಮೂರನೇ ಕೃಷ್ಣನನ್ನು ಹೊಗಳುವ 10ನೇ ಶತಮಾನದ ಪ್ರಶಸ್ತಿಯೊಂದು ಮಧ್ಯಪ್ರದೇಶದ ಜೂರಾದಲ್ಲಿ ಸಿಕ್ಕಿದೆ. ಕನ್ನಡ ಮಾತಾಡುವ ನೆಲದಿಂದ ಅಷ್ಟು ದೂರದಲ್ಲಿ ಅದರ ಭಾಷೆ ಕನ್ನಡ. ಅಲ್ಲಿನ ಊರಿನವರಿಗೆ ಅರ್ಥವಾಗಲೆಂದು ಕೆತ್ತಿದ್ದಲ್ಲ ಅದು; ದೊರೆಯ ಠೀವಿಗಾಗಿ ಕೆತ್ತಿದ್ದು.

ಪಂಪನ ಬಗ್ಗೆ ಮುಖ್ಯ ಮಾಹಿತಿ ಕೊಡುವ ಶಾಸನವೂ ತೆಲಂಗಾಣದ್ದೇ. ಕರೀಂನಗರದ ಕಡೆಯ ಕುರ್ಕ್ಯಾಲದ ಬೊಮ್ಮಲಗುಟ್ಟದಲ್ಲಿ ಅವನ ತಮ್ಮ ಜಿನವಲ್ಲಭ ಜೈನ ವಿಗ್ರಹಗಳನ್ನು ಕಡೆಸಿ, ಪಕ್ಕದಲ್ಲಿ ಅಣ್ಣನ ಹಿರಿಮೆಯನ್ನೂ ಸೇರಿಸಿ ಬರೆಸಿದ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಆ ಬಂಡೆಯಲ್ಲಿವೆ. ತೆಲುಗಿನ ಭಾಗವಿರುವುದು ಕನ್ನಡ ಕವಿಗಳಿಗೆ ಬಲು ಪ್ರಿಯವಾಗಿದ್ದ ಕಂದ ಪದ್ಯದಲ್ಲಿ. ರಾಜಮಹೇಂದ್ರಿಯ ಆಸ್ಥಾನದಲ್ಲಿ ನನ್ನಯ ತೆಲುಗಿನಲ್ಲಿ ಮಹಾಭಾರತ ಶುರುಮಾಡಿದ್ದು ಅದಾಗಿ ಸುಮಾರು ನೂರು ವರ್ಷಗಳ ಮೇಲೆ.