ಹನ್ನೆರಡು ದಾರಿಗಳು, ಒಂದೇ ಕೋಷ್ಟಕ

ಒಂದು ಸ್ಥಳದಿಂದ ಇನ್ನೊಂದಕ್ಕೆ ಅತಿ ಹತ್ತಿರದ ದಾರಿ ಯಾವುದೆಂದು ಕೇಳಿದರೆ ಆ ಭಾಗವನ್ನು ಬಲ್ಲವರು ಕೂಡಲೇ ಹೇಳಿಯಾರು. ಆದರೆ ಹಲವು ಸ್ಥಳಗಳನ್ನು ಹೆಸರಿಸಿ, ಅವುಗಳಲ್ಲಿ ಯಾವುದರಿಂದ ಯಾವುದಕ್ಕೆ ಹೋಗುವುದಾದರೂ ತಗಲುವ ಕನಿಷ್ಠ ಕಾಲವನ್ನು ಒಟ್ಟಿಗೆ ಹೇಳಿರೆಂದರೆ ನೆನಪಿನ ಬಲ ಸಾಲದು; ಕ್ರಮಬದ್ಧವಾದ ಒಂದು ವಿಧಾನವೇ ಬೇಕಾಗುತ್ತದೆ. ಅಂತಹ ವಿಧಾನವೊಂದನ್ನು ಅಮೆರಿಕದ ರಾಬರ್ಟ್ ಫ್ಲಾಯ್ಡ್ 1962ರಲ್ಲಿ ಪ್ರಕಟಿಸಿದರು. ಅದೇ ವರ್ಷ ಸ್ಟೀಫನ್ ವಾರ್ಶಲ್ ಎಂಬವರು, ಒಂದು ಬಿಂದುವಿನಿಂದ ಇನ್ನೊಂದಕ್ಕೆ ದಾರಿ ಇದೆಯೋ ಇಲ್ಲವೋ ಎಂಬ ಸರಳತರ ಪ್ರಶ್ನೆಗೆ ಇದೇ ಬಗೆಯ ಉತ್ತರವನ್ನು ಕೊಟ್ಟಿದ್ದರು. ಆದ್ದರಿಂದ ಇಬ್ಬರ ಹೆಸರೂ ಕೂಡಿಕೊಂಡು ಫ್ಲಾಯ್ಡ್–ವಾರ್ಶಲ್ ವಿಧಾನವೆಂಬ ಹೆಸರು ರೂಢಿಗೆ ಬಂದಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಲ್ಗಾರಿದಮ್ ಪತ್ರಿಕೆಗೆ ಕುಳಿತುಕೊಳ್ಳುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನು ಕೋಷ್ಟಕದ ರೂಪದಲ್ಲಿ ಕೈಯಿಂದ ತುಂಬುವುದನ್ನು ಕಲಿಯಬೇಕಾಗುತ್ತದೆ. ಆ ಕೋಷ್ಟಕವನ್ನು ನಾವೂ ಒಮ್ಮೆ ತುಂಬಿ ನೋಡೋಣ.

ಬೆಂಗಳೂರಿನ ಪಶ್ಚಿಮ ಭಾಗದ ಕೆಂಗೇರಿ, ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಎಂಬ ನಾಲ್ಕು ಸ್ಥಳಗಳನ್ನು ಆರಿಸಿಕೊಳ್ಳೋಣ. ಕೆಳಗಿನ ಅಂಕಿಗಳು ನೇರವಾದ ದಾರಿಯಲ್ಲಿ ತಗಲುವ ನಿಮಿಷಗಳು. ಅವು ಅಳತೆ ಮಾಡಿದವಲ್ಲ, ಲೆಕ್ಕಕ್ಕಾಗಿ ನಾವು ಕಲ್ಪಿಸಿಕೊಂಡವು. ಹೊರಡುವ ಸ್ಥಳ ಅಡ್ಡಸಾಲಿನಲ್ಲಿದೆ, ತಲಪುವ ಸ್ಥಳ ಕಂಬಸಾಲಿನಲ್ಲಿದೆ. ಏಕಮುಖ ಸಂಚಾರದ ರಸ್ತೆಗಳಿರುವುದರಿಂದ ಹೋಗುವ ಕಾಲವೂ ಬರುವ ಕಾಲವೂ ಸಮನಾಗಿರಬೇಕಿಲ್ಲ. ನೇರವಾದ ದಾರಿಯಿಲ್ಲವೆಂದು ಭಾವಿಸಿದ ಕಡೆ ಅನಂತದ ಚಿಹ್ನೆಯನ್ನು ಇಟ್ಟಿದ್ದೇವೆ.

| | ಕೆಂ | ರಾ | ಬ | ವಿ |
|---|---|---|---|---|
| ಕೆಂ | 0 | ∞ | ∞ | 35 |
| ರಾ | 60 | 0 | 10 | 25 |
| ಬ | ∞ | 12 | 0 | 8 |
| ವಿ | 30 | ∞ | 9 | 0 |

ಇನ್ನು ವಿಧಾನದ ತಿರುಳು. ಪ್ರತಿಯೊಂದು ಸ್ಥಳಕ್ಕೂ ಸರದಿಯ ಮೇಲೆ 'ನಡುದಾರಿಯ ತಂಗುದಾಣ'ವಾಗುವ ಅವಕಾಶವನ್ನು ಕೊಡಬೇಕು. ತಂಗುದಾಣದ ಸರದಿ ಬಂದಾಗ ಪ್ರತಿ ಮನೆಯ ಮುಂದೆಯೂ ಒಂದೇ ಪ್ರಶ್ನೆ: ಈಗ ತಿಳಿದಿರುವ ದಾರಿ ಹತ್ತಿರವೋ, ಅಥವಾ ಈ ತಂಗುದಾಣಕ್ಕೆ ಬಂದು ಅಲ್ಲಿಂದ ಮುಂದುವರಿಯುವುದು ಹತ್ತಿರವೋ? ಎರಡರಲ್ಲಿ ಚಿಕ್ಕದನ್ನು ಉಳಿಸಿಕೊಳ್ಳಬೇಕು. ಸೂತ್ರರೂಪದಲ್ಲಿ ಹೀಗೆ:

```
for k = 1 to n
  for i = 1 to n
    for j = 1 to n
      D[i][j] = min(D[i][j], D[i][k] + D[k][j])
```

ಇಲ್ಲಿ k ಎಂಬುದು ತಂಗುದಾಣ, i ಹೊರಡುವ ಸ್ಥಳ, j ತಲಪುವ ಸ್ಥಳ. ತಂಗುದಾಣದ ಅಡ್ಡಸಾಲೂ ಕಂಬಸಾಲೂ ಆ ಹಂತದಲ್ಲಿ ಬದಲಾಗುವುದಿಲ್ಲ. ಏಕೆಂದರೆ ವಿಜಯನಗರಕ್ಕೆ ಹೋಗುವವನು 'ವಿಜಯನಗರದ ಮೂಲಕ' ಹೋದರೆ ಲಾಭವೇನು? ಆದ್ದರಿಂದ ಆ ಎರಡು ಸಾಲುಗಳನ್ನೂ ಕರ್ಣದ ಸೊನ್ನೆಗಳನ್ನೂ ಮೊದಲೇ ನಕಲು ಮಾಡಿಕೊಂಡುಬಿಡಬಹುದು. ಹದಿನಾರು ಮನೆಗಳ ಪೈಕಿ ಪರೀಕ್ಷಿಸಬೇಕಾದವು ಆರು ಮಾತ್ರ.

ಮೊದಲನೆಯ ಹಂತದಲ್ಲಿ ಕೆಂಗೇರಿ ತಂಗುದಾಣ. ಅಲ್ಲಿಂದ ಹೊರಡುವ ನೇರ ದಾರಿ ವಿಜಯನಗರಕ್ಕೆ ಮಾತ್ರ. ರಾಜಾಜಿನಗರದಿಂದ ಕೆಂಗೇರಿಯನ್ನು ಸುತ್ತಿ ವಿಜಯನಗರಕ್ಕೆ ಬಂದರೆ 60 + 35 = 95 ನಿಮಿಷ; ಈಗಿರುವ 25ಕ್ಕಿಂತ ಹೆಚ್ಚು. ಯಾವ ಮನೆಯೂ ಬದಲಾಗುವುದಿಲ್ಲ. ಹೀಗಾದಾಗ ತಪ್ಪಿದೆವೇನೋ ಎಂದು ವಿದ್ಯಾರ್ಥಿಗಳು ಗಾಬರಿಯಾಗುವುದುಂಟು; ಗಾಬರಿಗೆ ಕಾರಣವಿಲ್ಲ. ಬದಲಾಗದ ಕೋಷ್ಟಕವನ್ನೂ ಉತ್ತರದಲ್ಲಿ ಬರೆದು ತೋರಿಸಬೇಕು.

ಎರಡನೆಯದು ರಾಜಾಜಿನಗರ. ಅದನ್ನು ನೇರವಾಗಿ ತಲಪಬಲ್ಲದ್ದು ಬಸವೇಶ್ವರನಗರ ಮಾತ್ರ. ಬಸವೇಶ್ವರನಗರದಿಂದ ಕೆಂಗೇರಿಗೆ 12 + 60 = 72; ಅನಂತವಿದ್ದಲ್ಲಿ 72 ಬಂದಿತು. ಇದು ಒಳ್ಳೆಯ ದಾರಿಯಲ್ಲ. ಆದರೂ ಸದ್ಯಕ್ಕೆ ತಿಳಿದಿರುವ ದಾರಿಗಳಲ್ಲಿ ಇದೇ ಅತ್ಯುತ್ತಮ.

ಮೂರನೆಯದು ಬಸವೇಶ್ವರನಗರ. ರಾಜಾಜಿನಗರದಿಂದ ವಿಜಯನಗರಕ್ಕೆ 10 + 8 = 18, ಅಂದರೆ 25 ಹೋಗಿ 18 ಆಯಿತು. ವಿಜಯನಗರದಿಂದ ರಾಜಾಜಿನಗರಕ್ಕೆ 9 + 12 = 21, ಅನಂತ ಹೋಗಿ 21 ಬಂದಿತು. ಉಳಿದವು ಹಾಗೆಯೇ ಇರುತ್ತವೆ.

ನಾಲ್ಕನೆಯದು ವಿಜಯನಗರ, ಇದೇ ಫಲವತ್ತಾದ ಹಂತ. ಕೆಂಗೇರಿಯಿಂದ ರಾಜಾಜಿನಗರಕ್ಕೆ 35 + 21 = 56, ಬಸವೇಶ್ವರನಗರಕ್ಕೆ 35 + 9 = 44. ರಾಜಾಜಿನಗರದಿಂದ ಕೆಂಗೇರಿಗೆ 18 + 30 = 48, ಬಸವೇಶ್ವರನಗರದಿಂದ ಕೆಂಗೇರಿಗೆ 8 + 30 = 38. ನಾಲ್ಕು ಮನೆಗಳು ಬದಲಾಗಿ ಕೊನೆಯ ಕೋಷ್ಟಕ ಹೀಗಾಗುತ್ತದೆ:

| | ಕೆಂ | ರಾ | ಬ | ವಿ |
|---|---|---|---|---|
| ಕೆಂ | 0 | 56 | 44 | 35 |
| ರಾ | 48 | 0 | 10 | 18 |
| ಬ | 38 | 12 | 0 | 8 |
| ವಿ | 30 | 21 | 9 | 0 |

ರಾಜಾಜಿನಗರ–ಕೆಂಗೇರಿಯ 48 ನಿಮಿಷವನ್ನು ಗಮನಿಸಿರಿ. ನಾವು ಕೂಡಿಸಿದ್ದು ಎರಡೇ ಸಂಖ್ಯೆಗಳನ್ನು. ಆದರೆ ದಾರಿಯಲ್ಲಿ ಇರುವುದು ಮೂರು ತುಂಡು: 10, 8, 30. ಮೊದಲ ಸಂಖ್ಯೆಯಾದ 18ರೊಳಗೆ ಬಸವೇಶ್ವರನಗರ ಆಗಲೇ ಅಡಗಿತ್ತು. ಹಿಂದಿನ ಹಂತಗಳ ಫಲ ಮುಂದಿನ ಹಂತಕ್ಕೆ ಬಂಡವಾಳವಾಗುವುದೇ ಈ ವಿಧಾನದ ಗುಟ್ಟು. k ಹಂತಗಳು ಮುಗಿದಾಗ ಕೋಷ್ಟಕದಲ್ಲಿರುವುದು, ಮೊದಲ k ಸ್ಥಳಗಳನ್ನು ಮಾತ್ರ ತಂಗುದಾಣವಾಗಿ ಬಳಸುವ ದಾರಿಗಳಲ್ಲಿ ಅತಿ ಹತ್ತಿರದವು. ಎಲ್ಲ ಸ್ಥಳಗಳ ಸರದಿಯೂ ಮುಗಿದ ಮೇಲೆ ಯಾವ ದಾರಿಯೂ ಪರಿಶೀಲನೆಗೆ ತಪ್ಪಿಸಿಕೊಂಡು ಉಳಿದಿರುವುದಿಲ್ಲ.

ಇದರಿಂದಲೇ ಪ್ರಸಿದ್ಧವಾದ ತಪ್ಪೊಂದರ ಕಾರಣವೂ ತಿಳಿಯುತ್ತದೆ. ಕೆಲವರು k ಆವರ್ತವನ್ನು ಹೊರಗಿಡುವ ಬದಲು ಎಲ್ಲಕ್ಕಿಂತ ಒಳಗಿಡುತ್ತಾರೆ. ಎಂದರೆ, ಒಂದು ಮನೆಯನ್ನು ಹಿಡಿದು ಎಲ್ಲ ತಂಗುದಾಣಗಳನ್ನೂ ಒಮ್ಮೆಗೇ ಪ್ರಯೋಗಿಸಿ, ಆ ಮನೆಯ ಲೆಕ್ಕವನ್ನು ಮುಗಿಸಿ ಮುಂದಕ್ಕೆ ಹೋಗುತ್ತಾರೆ. ನಮ್ಮ ಕೋಷ್ಟಕದಲ್ಲಿ ಹಾಗೆ ಮಾಡಿದರೆ ಕೆಂಗೇರಿ–ರಾಜಾಜಿನಗರದ ಮನೆ ಎರಡನೆಯದಾಗಿ ಬರುತ್ತದೆ. ವಿಜಯನಗರದ ಮೂಲಕ ಹೋಗಲು ಅಲ್ಲಿಂದ ರಾಜಾಜಿನಗರಕ್ಕೆ ಇನ್ನೂ ಅನಂತ; ಬಸವೇಶ್ವರನಗರದ ಮೂಲಕ ಹೋಗಲು ಕೆಂಗೇರಿಯಿಂದ ಅಲ್ಲಿಗೇ ಅನಂತ. ಹೀಗಾಗಿ ಆ ಮನೆಯಲ್ಲಿ ಅನಂತವೇ ಉಳಿಯುತ್ತದೆ, ಮತ್ತೆ ಯಾರೂ ಅದರತ್ತ ತಿರುಗಿ ನೋಡುವುದಿಲ್ಲ. 56 ನಿಮಿಷದ ದಾರಿ ಇದ್ದರೂ ದಾರಿಯೇ ಇಲ್ಲವೆಂಬ ಉತ್ತರ ಬರುತ್ತದೆ. ಈ ತಪ್ಪು ಎಲ್ಲ ಲೆಕ್ಕದಲ್ಲೂ ಹೊರಬೀಳುವುದಿಲ್ಲವೆಂಬುದೇ ಅಪಾಯ. ಇದೇ ಸ್ಥಳಗಳನ್ನು ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಎಂಬ ಕ್ರಮದಲ್ಲಿ ಬರೆದಿದ್ದರೆ ತಪ್ಪು ವಿಧಾನವೂ ಸರಿಯಾದ ಉತ್ತರವನ್ನೇ ಕೊಡುತ್ತಿತ್ತು!

ಕೈಲೆಕ್ಕದಲ್ಲಿ ಇನ್ನೊಂದು ತೊಡಕುಂಟು: ಒಂದು ಹಂತದಲ್ಲಿ ಕೂಡಿಸಿದ್ದು ತಪ್ಪಿದರೆ ಮುಂದಿನ ಕೋಷ್ಟಕಗಳಿಗೆಲ್ಲ ಅದು ಹರಡುತ್ತದೆ. ಆದ್ದರಿಂದ ಪ್ರತಿ ಹಂತದ ಕೊನೆಯಲ್ಲಿ ಎರಡು ಪರೀಕ್ಷೆಗಳನ್ನು ಮಾಡುವುದು ಲೇಸು. ಯಾವ ಸಂಖ್ಯೆಯೂ ಹಿಂದಿನದಕ್ಕಿಂತ ಹೆಚ್ಚಾಗಿರಕೂಡದು. ತಂಗುದಾಣದ ಅಡ್ಡಸಾಲೂ ಕಂಬಸಾಲೂ ಹಿಂದಿನಂತೆಯೇ ಇರಬೇಕು. ಕರ್ಣದಲ್ಲಿ ಸೊನ್ನೆ ಹೋಗಿ ಋಣಸಂಖ್ಯೆ ಬಂದರೆ, ಒಂದೋ ಲೆಕ್ಕ ತಪ್ಪಿದೆ, ಇಲ್ಲವೇ ಒಟ್ಟು ಮೊತ್ತ ಸೊನ್ನೆಗಿಂತ ಕಡಮೆಯಾದ ಸುತ್ತುದಾರಿಯೊಂದು ದತ್ತಾಂಶದಲ್ಲೇ ಇದೆ. ಅಂತಹ ಸುತ್ತನ್ನು ಎಷ್ಟು ಸಲ ಸುತ್ತಿದರೂ ಮೊತ್ತ ಇಳಿಯುತ್ತಲೇ ಹೋಗುವುದರಿಂದ, ಅದನ್ನು ಹಾದುಹೋಗುವ ದಾರಿಗಳಲ್ಲಿ 'ಅತಿ ಹತ್ತಿರದ್ದು' ಎಂಬ ಮಾತಿಗೇ ಅರ್ಥವಿರುವುದಿಲ್ಲ. ನಿಮಿಷಗಳ ಲೆಕ್ಕದಲ್ಲಿ ಈ ಸಂದರ್ಭ ಬಾರದು. ಲಾಭನಷ್ಟಗಳ ಲೆಕ್ಕದಲ್ಲಿ ಬರಬಹುದು.

ಕೋಷ್ಟಕವು ಕಾಲವನ್ನು ಹೇಳುತ್ತದೆಯೇ ಹೊರತು ದಾರಿಯನ್ನಲ್ಲ. ದಾರಿಯೂ ಬೇಕಾದರೆ, ಮನೆ ಬದಲಾದಾಗಲೆಲ್ಲ ತಂಗುದಾಣದ ಹೆಸರನ್ನು ಪಕ್ಕದ ಇನ್ನೊಂದು ಕೋಷ್ಟಕದಲ್ಲಿ ಬರೆದಿಡಬೇಕು. ರಾಜಾಜಿನಗರ–ಕೆಂಗೇರಿಯ ಮನೆಯಲ್ಲಿ 'ವಿ' ಎಂದೂ, ರಾಜಾಜಿನಗರ–ವಿಜಯನಗರದ ಮನೆಯಲ್ಲಿ 'ಬ' ಎಂದೂ ಇರುತ್ತದೆ. ಇವೆರಡನ್ನು ಬಿಡಿಸಿದರೆ ಪೂರ್ತಿ ದಾರಿ ಸಿಕ್ಕುತ್ತದೆ. ಇನ್ನು ಶ್ರಮದ ಮಾತು: ನಾಲ್ಕು ಸ್ಥಳಗಳಿಗೆ ಸೂತ್ರವನ್ನು 4 × 4 × 4 = 64 ಸಲ ಪ್ರಯೋಗಿಸಬೇಕು; ನೂರು ಸ್ಥಳಗಳಾದರೆ ಹತ್ತು ಲಕ್ಷ ಸಲ. ಸ್ಥಳಗಳು ಇಮ್ಮಡಿಯಾದರೆ ಕೆಲಸ ಎಂಟು ಪಟ್ಟಾಗುತ್ತದೆ. ಪರೀಕ್ಷೆಯಲ್ಲಿ ನಾಲ್ಕೈದು ಬಿಂದುಗಳಿಗಿಂತ ಹೆಚ್ಚಿನ ಲೆಕ್ಕ ಕೈಗೆ ಭಾರವಾಗುವುದು ಈ ಕಾರಣದಿಂದಲೇ.