ಐಸ್ ತೊಟ್ಟಿಗೆ ಇಳಿಯುವ ಮುನ್ನ

ದೊಡ್ಡ ಪಂದ್ಯ ಮುಗಿದ ಮೇಲೆ ಆಟಗಾರರು ಮಂಜುಗಡ್ಡೆ ತೇಲುವ ತೊಟ್ಟಿಯಲ್ಲಿ ಹಲ್ಲು ಕಚ್ಚಿಕೊಂಡು ಕುಳಿತ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಅದನ್ನು ಕಂಡು ಹವ್ಯಾಸಿ ಓಟಗಾರರು, ಜಿಮ್‌ಗೆ ಹೋಗುವ ಹುಡುಗರು, ಕಬಡ್ಡಿ ತಂಡದವರು ಕೂಡ ಕಸರತ್ತು ಮುಗಿದೊಡನೆ ತಣ್ಣೀರಿಗೆ ಇಳಿಯತೊಡಗಿದ್ದಾರೆ. ಮೈ ಬೇಗ ಸುಧಾರಿಸಿಕೊಳ್ಳುತ್ತದೆ, ನಾಳೆ ಮತ್ತೆ ಅಷ್ಟೇ ಹುರುಪಿನಿಂದ ಅಭ್ಯಾಸ ಮಾಡಬಹುದು ಎನ್ನುವುದು ನಂಬಿಕೆ. ಇದರಲ್ಲಿ ನಿಜ ಇದೆ, ಆದರೆ ಅರ್ಧ ಮಾತ್ರ. ನೋವು ಕಡಿಮೆಯಾಗುವುದು ಒಂದು, ಸ್ನಾಯು ಬಲಗೊಳ್ಳುವುದು ಇನ್ನೊಂದು. ಐಸ್ ಮೊದಲನೆಯದಕ್ಕೆ ನೆರವಾಗುತ್ತದೆ. ಕೆಲವು ಸಲ ಎರಡನೆಯದಕ್ಕೆ ಅಡ್ಡ ಬರುತ್ತದೆ.

ಮೊದಲು ಆ ನೋವು ಎಲ್ಲಿಂದ ಬರುತ್ತದೆ ನೋಡೋಣ. ನಂದಿ ಬೆಟ್ಟವನ್ನು ಓಡಿ ಹತ್ತಿ, ಓಡಿಯೇ ಇಳಿದವರಿಗೆ ಮರುದಿನ ಮೆಟ್ಟಿಲು ಇಳಿಯುವುದೇ ಕಷ್ಟವಾಗುತ್ತದೆ. ಹತ್ತುವಾಗ ಏದುಸಿರು ಬಂದಿದ್ದರೂ ತೊಡೆಯನ್ನು ಹಿಡಿಸುವುದು ಹೆಚ್ಚಾಗಿ ಇಳಿಜಾರೇ. ಇಳಿಯುವಾಗ ತೊಡೆಯ ಸ್ನಾಯು ಮೈಭಾರವನ್ನು ತಡೆಯುತ್ತಲೇ ಹಿಗ್ಗಬೇಕು. ಹೀಗೆ ಭಾರ ಹೊತ್ತು ಹಿಗ್ಗುವಾಗ ಅದರ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರುಕುಗಳಾಗುತ್ತವೆ. ಬಸ್ಕಿ ಹೊಡೆಯುವಾಗ ಕೆಳಗೆ ಕೂರುವ ಹೊತ್ತಿನಲ್ಲಿ ಆಗುವುದೂ ಇದೇ. ಆಮೇಲೆ ದೇಹ ದುರಸ್ತಿಗೆ ಕೈಹಾಕುತ್ತದೆ. ಅಲ್ಲಿ ಸ್ವಲ್ಪ ಬಾವು ಬರುತ್ತದೆ, ನರಗಳು ಸೂಕ್ಷ್ಮವಾಗುತ್ತವೆ. ಅದಕ್ಕಾಗಿಯೇ ನೋವು ಆ ಕ್ಷಣ ಕಾಣಿಸಿಕೊಳ್ಳದೆ ಮರುದಿನವೋ ಮೂರನೆಯ ದಿನವೋ ಏರುತ್ತದೆ. ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡು ಹೀಗಾಗುತ್ತದೆ ಎನ್ನುವುದು ಹಳೆಯ ಮಾತು. ಕಸರತ್ತು ನಿಲ್ಲಿಸಿದ ಗಂಟೆ ಒಂದೂವರೆ ಗಂಟೆಯಲ್ಲಿ ಅದು ಸಹಜ ಮಟ್ಟಕ್ಕೆ ಇಳಿದಿರುತ್ತದೆ. ಅದನ್ನು ತೊಳೆದು ಹಾಕಲು ಐಸ್ ಬೇಕಿಲ್ಲ.

ತಣ್ಣೀರಿಗೆ ಇಳಿದಾಗ ಚರ್ಮದ ಕೆಳಗಿನ ರಕ್ತನಾಳಗಳು ಕುಗ್ಗುತ್ತವೆ, ನರಗಳಲ್ಲಿ ನೋವಿನ ಸಂದೇಶ ನಿಧಾನವಾಗುತ್ತದೆ, ನೀರಿನ ಒತ್ತಡದಿಂದ ಕಾಲಿನ ಊತ ಸ್ವಲ್ಪ ಇಳಿಯುತ್ತದೆ. ಇದರಿಂದ ಆರಾಮ ಸಿಗುವುದು ಸುಳ್ಳಲ್ಲ. 2012ರಲ್ಲಿ ಕೊಕ್ರೇನ್ ಸಂಸ್ಥೆ ಪ್ರಕಟಿಸಿದ ವಿಮರ್ಶೆ 17 ಸಣ್ಣ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಸುಮ್ಮನೆ ಕುಳಿತು ದಣಿವಾರಿಸಿಕೊಂಡವರಿಗಿಂತ ತಣ್ಣೀರಿನಲ್ಲಿ ಕುಳಿತವರಿಗೆ ಮುಂದಿನ ಒಂದರಿಂದ ನಾಲ್ಕು ದಿನ ನೋವು ಕಡಿಮೆ ಇತ್ತು. ಆದರೆ ಇಂಥ ಪ್ರಯೋಗಕ್ಕೆ ಒಂದು ತೊಡಕಿದೆ. ತಾನು ಕುಳಿತದ್ದು ತಣ್ಣೀರಿನಲ್ಲೋ ಬಿಸಿನೀರಿನಲ್ಲೋ ಎಂಬುದನ್ನು ಯಾರಿಂದಲೂ ಮುಚ್ಚಿಡಲಾಗದು. ಹಾಗಾದರೆ ನೋವು ಇಳಿಸಿದ್ದು ತಣ್ಣೀರೋ, ಅದರ ಮೇಲಿನ ನಂಬಿಕೆಯೋ?

ಮೆಲ್ಬರ್ನ್‌ನ ವಿಕ್ಟೋರಿಯಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಇದಕ್ಕೆ ಒಂದು ಜಾಣ ಉಪಾಯ ಹೂಡಿದರು. ಮೂವತ್ತು ಯುವಕರು ಸೈಕಲ್ ಮೇಲೆ ಪ್ರಾಣ ಹೋಗುವಂತೆ ತುಳಿದ ಮೇಲೆ ಅವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಸುಮಾರು 10 ಡಿಗ್ರಿಯ ನೀರಿನಲ್ಲಿ ಕಾಲು ಗಂಟೆ ಕುಳಿತಿತು. ಎರಡನೆಯದು ಅಷ್ಟೇ ಹೊತ್ತು ಬೆಚ್ಚಗಿನ ನೀರಿನಲ್ಲಿ ಕುಳಿತಿತು. ಮೂರನೆಯ ಗುಂಪಿಗೂ ಅದೇ ಬೆಚ್ಚಗಿನ ನೀರು. ಆದರೆ ಅವರ ಕಣ್ಣೆದುರಿಗೇ ಅದಕ್ಕೆ ಒಂದು ದ್ರವ ಸುರಿದು, ಇದು ಸ್ನಾಯುವನ್ನು ಚೇತರಿಸುವ ವಿಶೇಷ ತೈಲ ಎಂದು ಹೇಳಲಾಯಿತು. ನಿಜಕ್ಕೂ ಅದು ಚರ್ಮ ತೊಳೆಯುವ ಸಾಮಾನ್ಯ ದ್ರವ. ಮುಂದಿನ ಎರಡು ದಿನ ತೊಡೆಯ ಶಕ್ತಿಯನ್ನು ಅಳೆದಾಗ ‘ತೈಲ’ದ ಗುಂಪು ಐಸ್ ನೀರಿನ ಗುಂಪಿಗೆ ಸರಿಸಮನಾಗಿ ಚೇತರಿಸಿಕೊಂಡಿತ್ತು. ಬರಿಯ ಬೆಚ್ಚಗಿನ ನೀರಿನಲ್ಲಿ ಕುಳಿತವರು ಹಿಂದೆ ಬಿದ್ದಿದ್ದರು. ತಣ್ಣೀರಿನ ಲಾಭದಲ್ಲಿ ನಂಬಿಕೆಯ ಪಾಲು ದೊಡ್ಡದು ಎಂದು ಇದು ತೋರಿಸುತ್ತದೆ. ನಾಳೆ ಬೆಳಿಗ್ಗೆಯೇ ಮೈದಾನಕ್ಕೆ ಇಳಿಯಬೇಕಾದವರಿಗೆ ಆ ಪಾಲೂ ಉಪಯೋಗದ್ದೇ.

ಆದರೆ ಬಲ ಬೆಳೆಸಿಕೊಳ್ಳಲು ತಿಂಗಳುಗಟ್ಟಲೆ ಭಾರ ಎತ್ತುವವರ ಲೆಕ್ಕ ಬೇರೆ. 2015ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಲಿಯಾನ್ ರಾಬರ್ಟ್ಸ್ ಮತ್ತು ಸಂಗಡಿಗರ ಅಧ್ಯಯನವನ್ನು ಜಿಮ್‌ಗೆ ಹೋಗುವ ಪ್ರತಿಯೊಬ್ಬರೂ ತಿಳಿದಿರಬೇಕು. 21 ಯುವಕರು 12 ವಾರ, ವಾರಕ್ಕೆ ಎರಡು ಸಲ ಕಾಲಿನ ಬಲದ ಕಸರತ್ತು ಮಾಡಿದರು. ಪ್ರತಿ ಸಲವೂ ಕಸರತ್ತು ಮುಗಿದ ಮೇಲೆ ಅರ್ಧದಷ್ಟು ಮಂದಿ ಸುಮಾರು 10 ಡಿಗ್ರಿಯ ನೀರಿನಲ್ಲಿ 10 ನಿಮಿಷ ಸೊಂಟದವರೆಗೆ ಮುಳುಗಿ ಕುಳಿತರು. ಉಳಿದವರು ಅಷ್ಟೇ ಹೊತ್ತು ನಿಂತ ಸೈಕಲ್ಲನ್ನು ಹಗುರವಾಗಿ ತುಳಿದರು. ಕೊನೆಯಲ್ಲಿ ಸೈಕಲ್ ತುಳಿದವರ ಬಲವೂ ಸ್ನಾಯುವಿನ ಗಾತ್ರವೂ ಹೆಚ್ಚು ಬೆಳೆದಿದ್ದವು. ತೊಡೆಯಿಂದ ಸೂಜಿಯಲ್ಲಿ ಚೂರು ತೆಗೆದು ನೋಡಿದಾಗ ಅವರ ವೇಗದ ಸ್ನಾಯು ಎಳೆಗಳು 17 ಶೇಕಡಾದಷ್ಟು ದಪ್ಪವಾಗಿದ್ದವು. ತಣ್ಣೀರಿನ ಗುಂಪಿನಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಪಟ್ಟ ಶ್ರಮ ಒಂದೇ, ದೊರೆತ ಫಲ ಬೇರೆ.

ಏಕೆ ಹೀಗೆ? ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ 2020ರಲ್ಲಿ ನಡೆದ ಪ್ರಯೋಗ ಕಾರಣವನ್ನು ಹತ್ತಿರದಿಂದ ತೋರಿಸಿತು. ಕಸರತ್ತಿನ ನಂತರ ಪ್ರತಿ ಯುವಕನೂ ಒಂದು ಕಾಲನ್ನು 8 ಡಿಗ್ರಿಯ ನೀರಿನಲ್ಲಿ, ಇನ್ನೊಂದನ್ನು 30 ಡಿಗ್ರಿಯ ನೀರಿನಲ್ಲಿ 20 ನಿಮಿಷ ಇಟ್ಟುಕೊಂಡ. ಆಮೇಲೆ ಜಾಡು ಹಿಡಿಯಲು ಗುರುತು ಹಾಕಿದ ಪ್ರೋಟೀನ್ ಪಾನೀಯ ಕುಡಿದ. ಕುಡಿದ ಪ್ರೋಟೀನ್ ಹೊಸ ಸ್ನಾಯುವಾಗಿ ಸೇರಿಕೊಂಡ ಪ್ರಮಾಣ ತಂಪಾದ ಕಾಲಿನಲ್ಲಿ ಕಡಿಮೆ ಇತ್ತು. ಮನುಷ್ಯ ಒಬ್ಬನೇ, ಊಟ ಒಂದೇ. ವ್ಯತ್ಯಾಸ ನೀರಿನದು ಮಾತ್ರ. ಕಸರತ್ತು ಸ್ನಾಯುವಿಗೆ ಬೆಳೆ ಎಂದು ಕೊಡುವ ಸೂಚನೆಯನ್ನು ತಂಪು ಮಂಕಾಗಿಸುತ್ತದೆ, ರಕ್ತದ ಹರಿವನ್ನೂ ತಗ್ಗಿಸುತ್ತದೆ. ದೂರದ ಓಟ, ಸೈಕ್ಲಿಂಗ್‌ನಂಥ ದಮ್ಮಿನ ಅಭ್ಯಾಸಕ್ಕೆ ಮಾತ್ರ ಇಂಥ ನಷ್ಟ ಅಧ್ಯಯನಗಳಲ್ಲಿ ಕಂಡುಬಂದಿಲ್ಲ.

ಹಾಗಾದರೆ ಐಸ್ ಬೇಕೋ ಬೇಡವೋ ಎಂಬುದು ಮುಂದಿನ ಪಂದ್ಯ ಎಷ್ಟು ದೂರವಿದೆ ಎಂಬುದರ ಮೇಲೆ ನಿಂತಿದೆ. ಒಬ್ಬ ಕಬಡ್ಡಿ ರೈಡರ್‌ನನ್ನೇ ತೆಗೆದುಕೊಳ್ಳಿ. ಮಳೆಗಾಲದ ಮೂರು ತಿಂಗಳು ಟೂರ್ನಿ ಇಲ್ಲ, ತೊಡೆ ಗಟ್ಟಿ ಮಾಡಿಕೊಳ್ಳಲು ಭಾರ ಎತ್ತುತ್ತಿದ್ದಾನೆ. ಆಗ ಅವನಿಗೆ ತೊಟ್ಟಿ ಬೇಡ. ಹತ್ತು ನಿಮಿಷದ ನಡಿಗೆ, ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ ಸಾಕು. ಅದೇ ಹುಡುಗ ಡಿಸೆಂಬರಿನಲ್ಲಿ ಶನಿವಾರ ಎರಡು ಪಂದ್ಯ ಆಡಿ ಭಾನುವಾರ ಸೆಮಿಫೈನಲ್ ಆಡಬೇಕು. ಆಗ ಅವನು ಸ್ನಾಯು ಬೆಳೆಸುವ ಗೊಡವೆಯಲ್ಲಿಲ್ಲ. ನಾಳೆ ಕಾಲು ಸೆಟೆದುಕೊಳ್ಳಬಾರದು, ಅಷ್ಟೇ. ಶನಿವಾರ ಸಂಜೆ 10ರಿಂದ 15 ಡಿಗ್ರಿಯ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಸೊಂಟದವರೆಗೆ ಕುಳಿತರೆ ಸಾಕು. ಇನ್ನೂ ತಣ್ಣಗೆ, ಇನ್ನೂ ಹೊತ್ತು ಎಂಬ ಪೈಪೋಟಿಯಿಂದ ಹೆಚ್ಚಿನ ಲಾಭವಿಲ್ಲ.

ಆ 12 ಡಿಗ್ರಿ ನೀರು ಪುಕ್ಕಟೆ ಬರುವುದಿಲ್ಲ. 26 ಡಿಗ್ರಿಯ 200 ಲೀಟರ್ ನಲ್ಲಿ ನೀರನ್ನು 12 ಡಿಗ್ರಿಗೆ ಇಳಿಸಲು ಲೆಕ್ಕದ ಪ್ರಕಾರ ಸುಮಾರು 30 ಕಿಲೋ ಐಸ್ ಕರಗಬೇಕು. ಜ್ಯೂಸ್ ಅಂಗಡಿಯಿಂದ ಎರಡು ಚೀಲ ತಂದು ಸುರಿದರೆ ಐಸ್ ತೇಲುವುದು ಕಾಣುತ್ತದೆ, ನೀರು ಮಾತ್ರ 20ರ ಆಸುಪಾಸಿನಲ್ಲೇ ಉಳಿಯಬಹುದು. ಆದ್ದರಿಂದ ಕಣ್ಣನ್ನು ನಂಬದೆ ನೀರು ಕಲಕಿ ಥರ್ಮಾಮೀಟರ್ ಇಟ್ಟು ನೋಡಬೇಕು. ಇಳಿದ ಮೊದಲ ನಿಮಿಷ ಉಸಿರು ತಡೆಯಲಾರದಷ್ಟು ಎಳೆಯುತ್ತದೆ, ಎದೆಬಡಿತವೂ ರಕ್ತದೊತ್ತಡವೂ ಒಮ್ಮೆಲೇ ಏರುತ್ತವೆ. ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿಯುವುದು, ಇವು ಇದ್ದವರು ವೈದ್ಯರನ್ನು ಕೇಳದೆ ಇಳಿಯಬಾರದು. ಯಾರೂ ಒಂಟಿಯಾಗಿ ಇಳಿಯಬಾರದು. ಮೈ ನಡುಕ ನಿಲ್ಲದಿದ್ದರೆ, ಮಾತು ತೊದಲಿದರೆ ತಕ್ಷಣ ಹೊರಗೆ ಬಂದು ಒಣಗಿ ಬೆಚ್ಚಗಾಗಬೇಕು.

ಬಿಗಿಯಾದ ಕಂಪ್ರೆಷನ್ ಸಾಕ್ಸ್, ಟೈಟ್ಸ್‌ಗಳ ಕತೆ ಇಷ್ಟು ನಾಟಕೀಯವಲ್ಲ. ಕಾಲನ್ನು ಹೊರಗಿನಿಂದ ಅದುಮಿ ಹಿಡಿದರೆ ಊತಕ್ಕೆ ಜಾಗ ಕಡಿಮೆಯಾಗುತ್ತದೆ, ರಕ್ತ ಮೇಲಕ್ಕೆ ಹರಿಯಲು ನೆರವಾಗುತ್ತದೆ ಎಂಬುದು ವಾದ. ಕಸರತ್ತಿನ ನಂತರ ಕೆಲವು ಗಂಟೆ ಹಾಕಿಕೊಂಡವರು ನೋವು ಸ್ವಲ್ಪ ಕಡಿಮೆ ಎನ್ನುತ್ತಾರೆ. ಶಕ್ತಿ ಬೇಗ ಮರಳುತ್ತದೆಯೇ ಎಂಬುದರಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಇಲ್ಲೂ ನಂಬಿಕೆಯನ್ನು ಬೇರ್ಪಡಿಸಿ ನೋಡುವುದು ಕಷ್ಟ. ಇನ್ನೊಂದು ತೊಡಕು ಅಳತೆಯದು. ಅಂಗಡಿಯ ‘ಮೀಡಿಯಂ’ ಒಬ್ಬರ ಮೀನಖಂಡವನ್ನು ಗಟ್ಟಿಯಾಗಿ ಹಿಡಿದರೆ ಇನ್ನೊಬ್ಬರ ಕಾಲಿನಲ್ಲಿ ಮಾಮೂಲಿ ಕಾಲುಚೀಲದಂತೆ ಸಡಿಲವಾಗಿರುತ್ತದೆ. ಒತ್ತಡವೇ ಇಲ್ಲದಿದ್ದರೆ ಕೆಲಸವೂ ಇಲ್ಲ. ಕೊಳ್ಳುವಾಗ ಹರಡು ಮತ್ತು ಮೀನಖಂಡದ ಸುತ್ತಳತೆ ಕೊಟ್ಟು ಆರಿಸಿಕೊಳ್ಳಿ. ಬೆರಳು ಜುಮ್ಮೆಂದರೆ, ಬಣ್ಣ ಬದಲಾದರೆ ತೆಗೆದುಬಿಡಿ. ಹಿತವೆನಿಸಿದರೆ ಹಾಕಿಕೊಳ್ಳಬಹುದು, ಇಲ್ಲದಿದ್ದರೆ ಕಳೆದುಕೊಳ್ಳುವುದೇನೂ ಇಲ್ಲ.

ಪೆಟ್ಟು ಬಿದ್ದಲ್ಲಿ ಐಸ್ ಇಡುವ ರೂಢಿಯ ಬೇರನ್ನೂ ಇಲ್ಲೇ ನೋಡಬಹುದು. ವಿಶ್ರಾಂತಿ, ಐಸ್, ಬಿಗಿಪಟ್ಟಿ, ಕಾಲು ಎತ್ತಿಡುವುದು ಎಂಬ ನಾಲ್ಕು ಸೂತ್ರಗಳನ್ನು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ 1978ರಲ್ಲಿ ತಮ್ಮ ಪುಸ್ತಕದ ಮೂಲಕ ಮನೆಮಾತು ಮಾಡಿದರು. ದಶಕಗಳ ನಂತರ ಅವರೇ, ಐಸ್ ನೋವನ್ನು ತಗ್ಗಿಸಿದರೂ ವಾಸಿಯಾಗುವುದನ್ನು ನಿಧಾನಿಸಬಹುದು ಎಂದು ತಿದ್ದಿ ಬರೆದರು. ಸೂತ್ರ ಮಾತ್ರ ಇಂದಿಗೂ ಮೈದಾನಗಳಲ್ಲಿ ಹಾಗೆಯೇ ನಡೆದುಬಂದಿದೆ.

ಐಸ್ ತೊಟ್ಟಿಯ ಬಗ್ಗೆ ಯಾವ ವಾದವೂ ಇಲ್ಲದ ಜಾಗ ಒಂದಿದೆ. ಸೆಕೆಯಲ್ಲಿ ಓಡುತ್ತಿದ್ದವನು ತಡವರಿಸುತ್ತಾನೆ, ಏನೇನೋ ಮಾತಾಡುತ್ತಾನೆ, ಕುಸಿಯುತ್ತಾನೆ. ಒಳಮೈಯ ಬಿಸಿ 40 ಡಿಗ್ರಿ ದಾಟಿರುತ್ತದೆ. ಇದು ಶಾಖಾಘಾತ. ಆಂಬ್ಯುಲೆನ್ಸ್ ಬರುವುದನ್ನು ಕಾಯುತ್ತ ಗಾಳಿ ಬೀಸಿದರೆ ಸಾಲದು, ಅರ್ಧ ಗಂಟೆಯೊಳಗೆ ಮೈ ತಣಿಸಬೇಕು. ಅಮೆರಿಕದ ಫಾಲ್ಮತ್ ರಸ್ತೆ ಓಟದಲ್ಲಿ 18 ವರ್ಷಗಳ ಅವಧಿಯಲ್ಲಿ ಹೀಗೆ ಕುಸಿದ 274 ಪ್ರಕರಣಗಳಲ್ಲಿ ಸ್ಥಳದಲ್ಲೇ ಐಸ್ ನೀರಿನ ತೊಟ್ಟಿಗೆ ಇಳಿಸಿ ಚಿಕಿತ್ಸೆ ಕೊಟ್ಟರು, ಎಲ್ಲರೂ ಬದುಕಿದರು. ಮೊದಲು ತಣಿಸು, ಆಮೇಲೆ ಸಾಗಿಸು ಎಂಬುದು ಅಲ್ಲಿನ ನಿಯಮ. ಬೇಸಿಗೆಯಲ್ಲಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಓಟ, ಪಂದ್ಯ ಏರ್ಪಡಿಸುವವರು ಐಸ್‌ಗೆಂದು ಹಣ ತೆಗೆದಿಟ್ಟಿದ್ದರೆ ಅದನ್ನು ಗೆದ್ದವರ ಆರಾಮಕ್ಕೆ ಖರ್ಚು ಮಾಡುವ ಮೊದಲು ಓಟ ಮುಗಿಯುವ ಗೆರೆಯ ಬಳಿ ನೀರು ತುಂಬಿದ ಒಂದು ತೊಟ್ಟಿ, ಪಕ್ಕದಲ್ಲಿ ಐಸ್ ಚೀಲಗಳು, ಕುಸಿದವರನ್ನು ಎತ್ತಿ ಇಳಿಸಲು ನಾಲ್ವರು ಇರುವಂತೆ ನೋಡಿಕೊಳ್ಳಲಿ.