ಪ್ರಿಂಟಿನಲ್ಲಿ ಕಳೆದುಹೋಗುವ ಹನ್ನೊಂದು ಇಂಚು

ಬೆಂಗಳೂರಿನ ಒಂದು 30x40 ಸೈಟಿಗೆ ಮನೆಯ ನಕ್ಷೆ ಸಿದ್ಧವಾಗಿದೆ ಎಂದುಕೊಳ್ಳಿ. ಹಾಳೆ ಎ3, ಸ್ಕೇಲ್ 1:100. ಎಂದರೆ ಹಾಳೆಯ ಮೇಲಿನ ಒಂದು ಸೆಂಟಿಮೀಟರ್ ನೆಲದ ಮೇಲೆ ಒಂದು ಮೀಟರ್. ಸೈಟಿನ ಅಗಲ 30 ಅಡಿ, ಅಂದರೆ 9.14 ಮೀಟರ್. ಹಾಳೆಯಲ್ಲಿ ಅದು 91.4 ಮಿಲಿಮೀಟರ್ ಇರಬೇಕು.

ಇದೇ ಕಡತವನ್ನು ಜೆರಾಕ್ಸ್ ಅಂಗಡಿಯಲ್ಲಿ ಎ4ಗೆ ಪ್ರಿಂಟ್ ಮಾಡಿದರೆ ಎಲ್ಲವೂ ಸುಮಾರು ಶೇ. 71ಕ್ಕೆ ಕುಗ್ಗುತ್ತದೆ. ಅಳೆದು ನೋಡಿದರೆ ಸೈಟು 21 ಅಡಿ ಅಗಲ! ಇಷ್ಟು ದೊಡ್ಡ ತಪ್ಪು ಮೇಸ್ತ್ರಿಯ ಕಣ್ಣಿಗೆ ಕೂಡಲೇ ಬೀಳುತ್ತದೆ. ನನಗೆ ನಿಜವಾಗಿ ಭಯ ಹುಟ್ಟಿಸುವುದು ಸಣ್ಣ ತಪ್ಪು.

ಹೆಚ್ಚಿನ ಪ್ರಿಂಟರುಗಳು ಹಾಳೆಯ ಅಂಚಿನವರೆಗೂ ಮುದ್ರಿಸಲಾರವು. ಸುತ್ತ ಕೆಲವು ಮಿಲಿಮೀಟರ್ ಬಿಡುತ್ತವೆ. ಪ್ರಿಂಟ್ ಕಿಟಕಿಯಲ್ಲಿ Fit ಎಂಬ ಆಯ್ಕೆ ಇದ್ದರೆ, ಆ ಅಂಚಿನೊಳಗೆ ಕೂರಿಸಲು ನಕ್ಷೆಯನ್ನು ಶೇ. 97ರಷ್ಟಕ್ಕೆ ಇಳಿಸಿಬಿಡಬಹುದು. ಹಾಳೆ ಎ3ಯೇ, ಗೆರೆಗಳೆಲ್ಲ ಸರಿಯಾಗಿಯೇ ಕಾಣುತ್ತವೆ, ಮೂಲೆಯಲ್ಲಿ 1:100 ಎಂದೂ ಇದೆ. ಆದರೆ 91.4 ಮಿಲಿಮೀಟರ್ ಈಗ 88.7 ಆಗಿದೆ. ಸ್ಕೇಲಿಟ್ಟು ಓದಿದರೆ 29 ಅಡಿ 1 ಇಂಚು. ಹನ್ನೊಂದು ಇಂಚು ಮಾಯ. ಅಂಕಿ ಬರೆದ ಕಡೆ ಅಂಕಿಯನ್ನೇ ನಂಬಬೇಕು ಎಂಬುದು ಕಟ್ಟಡದ ಕೆಲಸದ ಹಳೆಯ ನಿಯಮ. ಆದರೆ ಸಂಪು ಎಲ್ಲಿ, ಸ್ವಿಚ್ ಬೋರ್ಡ್ ಎಲ್ಲಿ ಎಂಬುದಕ್ಕೆ ಎಷ್ಟೋ ನಕ್ಷೆಗಳಲ್ಲಿ ಅಂಕಿಯೇ ಇರುವುದಿಲ್ಲ. ಅಲ್ಲಿ ಕೆಲಸದವರು ಸ್ಕೇಲಿಟ್ಟೇ ಅಳೆಯುತ್ತಾರೆ.

ಹೀಗಾಗದಂತೆ ಪಿಡಿಎಫ್‌ನ Properties ತೆರೆದು ಪುಟದ ಗಾತ್ರ 420x297 ಮಿಲಿಮೀಟರ್ ಇದೆಯೇ ನೋಡಿ. ಪ್ರಿಂಟರಿನಲ್ಲೂ ಎ3 ಆರಿಸಿ, Fit ಬಿಟ್ಟು Actual size ಒತ್ತಿ. ಆಟೋಕ್ಯಾಡ್‌ನಿಂದ ನೇರವಾಗಿ ಪ್ಲಾಟ್ ಮಾಡುವವರು Fit to paper ಗುರುತನ್ನು ತೆಗೆಯಬೇಕು. ಅಂಚಿನ ಗೆರೆ ಕತ್ತರಿಸಿಹೋದರೆ ಚಿಂತೆಯಿಲ್ಲ, ನಕ್ಷೆ ಮಾತ್ರ ಕುಗ್ಗಬಾರದು.

ಪ್ರಿಂಟ್ ಕೈಗೆ ಬಂದ ಮೇಲೆ ಸ್ಕೇಲ್ ಬಾರ್, ಅಂದರೆ ಮೀಟರುಗಳನ್ನು ಗುರುತಿಸಿದ ಆ ಪುಟ್ಟ ಪಟ್ಟಿಯನ್ನು ಅಳೆಯಿರಿ. 1:100ರಲ್ಲಿ ಐದು ಮೀಟರಿನ ಪಟ್ಟಿ ಸರಿಯಾಗಿ 50 ಮಿಲಿಮೀಟರ್ ಇರಬೇಕು. 48.5 ಬಂದರೆ ಹಾಳೆ ಕುಗ್ಗಿದೆ. ಆಗ 1:100 ಎಂಬ ಬರಹ ಸುಳ್ಳಾಗುತ್ತದೆ. ಪಟ್ಟಿ ಮಾತ್ರ ನಕ್ಷೆಯೊಡನೆ ತಾನೂ ಕುಗ್ಗಿರುವುದರಿಂದ ಅದರ ಲೆಕ್ಕ ಸರಿಯಾಗಿಯೇ ಉಳಿಯುತ್ತದೆ.

ಆದರೂ ಪಟ್ಟಿಯೊಂದನ್ನೇ ನೆಚ್ಚಬಾರದು. ಬೇರೆ ನಕ್ಷೆಯಿಂದ ನಕಲು ಮಾಡಿ ಅಂಟಿಸಿದ್ದರೆ, ಅಥವಾ ಪಟ್ಟಿ ಬರೆದ ಮೇಲೆ ನಕ್ಷೆಯ ಸ್ಕೇಲ್ ಬದಲಿಸಿದ್ದರೆ, ಅದು ಸರಿಯಾಗಿ 50 ಮಿಲಿಮೀಟರ್ ಇದ್ದೂ ತಪ್ಪು ಹೇಳುತ್ತದೆ. ಅದಕ್ಕೇ ಅಂಕಿ ಬರೆದಿರುವ ಒಂದು ಉದ್ದದ ಗೋಡೆಯನ್ನು ಅಡ್ಡಕ್ಕೂ ಇನ್ನೊಂದನ್ನು ಲಂಬಕ್ಕೂ ಆರಿಸಿ, ಸ್ಕೇಲಿಟ್ಟು ತಾಳೆ ನೋಡಿ. ಎರಡೂ ಕೂಡಿ ಬಂದ ಮೇಲೆಯೇ ಆ ಹಾಳೆಯನ್ನು ಸೈಟಿಗೆ ಕಳಿಸಿ.